ಮೂರು ಸೆಕೆಂಡಿನ ಮೌನ

ಇಂಗ್ಲಿಷ್ ಪರೀಕ್ಷೆಯ ಮೌಖಿಕ ಎಂದರೆ ಎದುರಿಗೆ ಒಬ್ಬರು ಕೂತು ಪ್ರಶ್ನೆ ಕೇಳುತ್ತಾರೆ ಅಂದುಕೊಳ್ಳುವವರೇ ಹೆಚ್ಚು. ಐಇಎಲ್‌ಟಿಎಸ್‌ನಲ್ಲಿ ಈಗಲೂ ಹಾಗೇ ನಡೆಯುತ್ತದೆ. ಉಳಿದ ಭಾಗಗಳನ್ನು ಕಂಪ್ಯೂಟರಿನಲ್ಲಿ ಬರೆದರೂ ಮಾತಿನ ಭಾಗಕ್ಕೆ ಪರೀಕ್ಷಕರು ನೇರವಾಗಿಯೋ ವಿಡಿಯೋದಲ್ಲೋ ಇದ್ದೇ ಇರುತ್ತಾರೆ, 11ರಿಂದ 14 ನಿಮಿಷ ಮಾತಾಡಿಸುತ್ತಾರೆ. ಆದರೆ ಆಸ್ಟ್ರೇಲಿಯಾ ವೀಸಾಕ್ಕೆಂದು ಬೆಂಗಳೂರಿನ ಕೇಂದ್ರದಲ್ಲಿ ಪಿಟಿಇ ಅಕಾಡೆಮಿಕ್ ತೆಗೆದುಕೊಳ್ಳುವ ನರ್ಸ್‌ಗೋ ಎಂಜಿನಿಯರ್‌ಗೋ ಎದುರಿಗೆ ಇರುವುದು ಒಂದು ಪರದೆ, ಕಿವಿಗೊಂದು ಹೆಡ್‌ಸೆಟ್, ಬಾಯಿಯ ಹತ್ತಿರ ಒಂದು ಪುಟ್ಟ ಮೈಕು. ಇಲ್ಲಿ ಸೋಲುವವರಲ್ಲಿ ಇಂಗ್ಲಿಷ್ ಬಾರದವರಷ್ಟೇ ಇರುವುದಿಲ್ಲ. ಮನುಷ್ಯರ ಜೊತೆ ಸೊಗಸಾಗಿ ಮಾತಾಡಬಲ್ಲವರೂ ಇರುತ್ತಾರೆ.

ಏಕೆಂದರೆ ಎದುರಿಗೆ ಕೂತವರು ಬರೀ ಕೇಳಿಸಿಕೊಳ್ಳುವುದಿಲ್ಲ. ತಲೆಯಾಡಿಸುತ್ತಾರೆ, ನಾವು ತಡವರಿಸಿದರೆ ಕಾಯುತ್ತಾರೆ, ಪ್ರಶ್ನೆ ಅರ್ಥವಾಗಲಿಲ್ಲ ಎಂದರೆ ಇನ್ನೊಮ್ಮೆ ಹೇಳುತ್ತಾರೆ. ನಾವೂ ಅವರ ಮುಖ ನೋಡಿಯೇ ಮಾತನ್ನು ಹಿಗ್ಗಿಸುತ್ತೇವೆ, ಕುಗ್ಗಿಸುತ್ತೇವೆ. ಪರದೆ ಇದ್ಯಾವುದನ್ನೂ ಮಾಡುವುದಿಲ್ಲ. ಮೈಕಿನ ಸ್ಥಿತಿ ತೋರಿಸುವ ಚಿಕ್ಕ ಚೌಕದಲ್ಲಿ ಮೊದಲು ಸೆಕೆಂಡುಗಳು ಇಳಿಯುತ್ತವೆ, ಆಮೇಲೆ ‘ರೆಕಾರ್ಡಿಂಗ್’ ಎಂದು ಬರುತ್ತದೆ, ಕೊನೆಗೆ ‘ಕಂಪ್ಲೀಟೆಡ್’. ನಡುವೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಸುಮ್ಮನಾದರೆ ನಿಮ್ಮ ಮಾತು ಮುಗಿಯಿತೆಂದೇ ಲೆಕ್ಕ, ರೆಕಾರ್ಡಿಂಗ್ ನಿಂತುಬಿಡುತ್ತದೆ. ಮತ್ತೆ ಹೇಳುತ್ತೇನೆ ಎನ್ನಲು ಅವಕಾಶವಿಲ್ಲ.

ಮೂರು ಸೆಕೆಂಡು ಸಾಕಷ್ಟು ದೀರ್ಘ ಅನಿಸಬಹುದು. ಯೋಚಿಸುವಾಗ ಅದು ಕಳೆದದ್ದೇ ಗೊತ್ತಾಗುವುದಿಲ್ಲ. ಸೂಕ್ತ ಪದಕ್ಕಾಗಿ ಕಣ್ಣು ಮೇಲೆತ್ತಿ ತಡಕುವುದು ಸಂದರ್ಶನದಲ್ಲಿ ಗಾಂಭೀರ್ಯವಾಗಿ ಕಾಣುತ್ತದೆ. ಇಲ್ಲಿ ಅದು ಉತ್ತರವನ್ನೇ ಅರ್ಧಕ್ಕೆ ಕತ್ತರಿಸಬಲ್ಲದು. ಇನ್ನೊಂದು ತುದಿಯಲ್ಲಿ ಅವಸರದವರಿದ್ದಾರೆ. ಗದ್ಯವನ್ನು ಗಟ್ಟಿಯಾಗಿ ಓದುವ ಪ್ರಶ್ನೆಯಲ್ಲಿ 30ರಿಂದ 40 ಸೆಕೆಂಡು ಮನಸ್ಸಿನಲ್ಲೇ ಓದಿಕೊಳ್ಳಲು ಬಿಟ್ಟು, ‘ಬೀಪ್’ ಆದ ಮೇಲೆ ಮೈಕು ತೆರೆಯುತ್ತದೆ. ಅದಕ್ಕೂ ಮುಂಚೆ ಶುರುಮಾಡಿದರೆ ಮೊದಲ ಪದಗಳು ದಾಖಲಾಗುವುದೇ ಇಲ್ಲ. ಕೇಳಿದ ವಾಕ್ಯವನ್ನು ಹಾಗೇ ಹೇಳಬೇಕಾದ ಪ್ರಶ್ನೆಯಲ್ಲಿ ಬೀಪ್ ಇರುವುದಿಲ್ಲ. ಅದಕ್ಕೆ ಕಾಯುತ್ತ ಕೂತವರಿಗೆ ವಾಕ್ಯವೂ ಮರೆತುಹೋಗುತ್ತದೆ, ಮೈಕೂ ಮುಚ್ಚುತ್ತದೆ. ಹಾಗಾಗಿ ಕಿವಿಗಿಂತ ಕಣ್ಣನ್ನು ನಂಬುವುದು ಲೇಸು: ‘ರೆಕಾರ್ಡಿಂಗ್’ ಎಂದು ಕಂಡ ಮೇಲೆ ಬಾಯಿ ತೆರೆಯಬೇಕು, ತಡಮಾಡಬಾರದು.

ಇದಕ್ಕಿಂತ ಬಿಡಿಸಿಕೊಳ್ಳಲು ಕಷ್ಟವಾದದ್ದು ತಿದ್ದಿಕೊಳ್ಳುವ ಚಾಳಿ. ತಪ್ಪು ಹೇಳಿದೊಡನೆ ‘ಸಾರಿ’ ಎಂದು ವಾಕ್ಯವನ್ನು ಮೊದಲಿನಿಂದ ಹೇಳುವುದನ್ನು ಶಾಲೆಯೇ ನಮಗೆ ಕಲಿಸಿದೆ. ಮುಂದೆ ಕೂತ ಮೇಷ್ಟ್ರು ಅದನ್ನು ಎಚ್ಚರ ಎಂದು ಮೆಚ್ಚುತ್ತಾರೆ. ಪಿಟಿಇಯಲ್ಲಿ ಉತ್ತರಕ್ಕೆ ವಿಷಯ, ಉಚ್ಚಾರಣೆ, ಸರಾಗತೆ ಎಂದು ಬೇರೆಬೇರೆ ಅಂಕ. ಗಟ್ಟಿಯಾಗಿ ಓದುವಾಗ ಬಿಟ್ಟ ಪದ, ಬದಲಾದ ಪದ, ಹೆಚ್ಚಿಗೆ ಸೇರಿದ ಪದ ಒಂದೊಂದೂ ಒಂದು ತಪ್ಪು. ತಡವರಿಕೆ, ಮರುಕಳಿಕೆ, ಅರ್ಧಕ್ಕೆ ಬಿಟ್ಟು ಮತ್ತೆ ಶುರುಮಾಡುವುದು ಸರಾಗತೆಯನ್ನು ಕೆಡಿಸುತ್ತವೆ. ಒಂದು ಪದ ಜಾರಿದರೆ ಹೋಗುವುದು ಅದೊಂದೇ. ‘ಸಾರಿ’ ಎಂದು ನಾಲ್ಕು ಪದ ಹಿಂದಕ್ಕೆ ಹೋದರೆ ಆ ಐದು ಪದಗಳೂ ಹೆಚ್ಚುವರಿಯಾಗುತ್ತವೆ, ಓಟವೂ ಮುರಿಯುತ್ತದೆ. ಜಾರಿದ್ದನ್ನು ಜಾರಲು ಬಿಟ್ಟು ಮುಂದಕ್ಕೆ ಹೋಗುವವರೇ ಇಲ್ಲಿ ಜಾಣರು. ವಾಕ್ಯ ಮರುನುಡಿಯುವ ಪ್ರಶ್ನೆಗೂ ಇದೇ ಲೆಕ್ಕ ಸಲ್ಲುತ್ತದೆ. ಅರ್ಧದಷ್ಟು ಪದಗಳು ಸರಿಯಾದ ಕ್ರಮದಲ್ಲಿ ಬಂದರೂ ವಿಷಯದ 3 ಅಂಕದಲ್ಲಿ 2 ಸಿಗುತ್ತದೆ. ನೆನಪಿರುವ ಅರ್ಧವನ್ನು ನೀರು ಕುಡಿದಂತೆ ಹೇಳುವುದು ಪೂರ್ತಿ ವಾಕ್ಯಕ್ಕಾಗಿ ತೊದಲುವುದಕ್ಕಿಂತ ಮೇಲು.

ಸ್ವಂತ ಮಾತು ಕಟ್ಟಬೇಕಾದ ಪ್ರಶ್ನೆ ಇನ್ನೊಂದು ಬಗೆ. ಪರದೆಯ ಮೇಲೆ ಒಂದು ಊರಿನ ತಿಂಗಳುವಾರು ಮಳೆಯ ಕಂಬಚಿತ್ರ ಬಂದಿದೆ ಎನ್ನೋಣ. ನೋಡಿಕೊಳ್ಳಲು 25 ಸೆಕೆಂಡು, ಹೇಳಲು 40. ಮನುಷ್ಯರ ಮುಂದಾದರೆ ಜನವರಿಯಿಂದ ಶುರುಮಾಡಿ, ಅವರ ಮುಖದಲ್ಲಿ ಬೇಸರ ಕಂಡೊಡನೆ ಜಿಗಿಯಬಹುದಿತ್ತು. ಇಲ್ಲಿ ಹಾಗೆ ಹೊರಟರೆ ಮೇ ತಿಂಗಳಿಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಆರಾಮ ವೇಗದಲ್ಲಿ ಸೆಕೆಂಡಿಗೆ ಎರಡು ಪದಕ್ಕಿಂತ ತುಸು ಹೆಚ್ಚು ಬರುತ್ತದೆ ಎಂದಿಟ್ಟುಕೊಂಡರೆ 40 ಸೆಕೆಂಡಿಗೆ ಐದಾರು ಸಾಧಾರಣ ವಾಕ್ಯ. ಆದ್ದರಿಂದ 25 ಸೆಕೆಂಡಿನಲ್ಲಿ ವಾಕ್ಯ ಕಟ್ಟಲು ಹೋಗದೆ ನಾಲ್ಕು ಸಂಗತಿಗಳನ್ನು ಮಾತ್ರ ಆರಿಸಿಕೊಳ್ಳಬೇಕು: ಚಿತ್ರ ಯಾವುದರದ್ದು, ಅತಿ ಎತ್ತರದ ಕಂಬ ಯಾವ ತಿಂಗಳಿನದು, ಅತಿ ಗಿಡ್ಡದ್ದು ಯಾವುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನಾಗಿದೆ. ಒಂದೊಂದಕ್ಕೂ ಒಂದು ವಾಕ್ಯ, ನಡುವೆ ಉಸಿರಿನಷ್ಟು ಬಿಡುವು, ಕೊನೆಯಲ್ಲಿ ಮಳೆಗಾಲವೇ ವರ್ಷದ ಬಹುಪಾಲು ನೀರು ತಂದಿದೆ ಎಂಬ ಮಾತು. 35ನೇ ಸೆಕೆಂಡಿಗೆ ಸ್ವರ ಇಳಿಸಿ ನಿಲ್ಲಿಸಿದರೂ ಸಾಕು. ಪಟ್ಟಿ ತುಂಬಲೇಬೇಕೆಂದು ಹೊಸ ವಾಕ್ಯ ಶುರುಮಾಡಿ ಅದು ನಡುವೆ ತುಂಡಾಗುವುದು ಮಾತ್ರ ಬೇಡ.

ಯಾವ ಚಿತ್ರಕ್ಕೂ ಹೊಂದುವ ಬಾಯಿಪಾಠದ ಚೌಕಟ್ಟನ್ನು ಕೆಲವು ತರಬೇತಿ ಕೇಂದ್ರಗಳು ಹೇಳಿಕೊಡುತ್ತವೆ. ಯಂತ್ರವಷ್ಟೇ ಕೇಳುತ್ತದೆ, ಅದಕ್ಕೇನು ಗೊತ್ತಾಗುತ್ತದೆ ಎಂಬ ಧೈರ್ಯ. 2025ರ ಆಗಸ್ಟ್‌ನಿಂದ ಇಂಥ ಪ್ರಶ್ನೆಗಳ ವಿಷಯದ ಭಾಗವನ್ನು ಮನುಷ್ಯರೂ ಪರಿಶೀಲಿಸುತ್ತಾರೆ, ಹಾಗಾಗಿ ಆ ಧೈರ್ಯಕ್ಕೆ ಈಗ ಬೆಲೆ ಕಡಿಮೆ.

ಉಚ್ಚಾರಣೆಯ ವಿಷಯಕ್ಕೆ ಬಂದರೆ ಅಮೆರಿಕನ್ನರಂತೆ ನಾಲಿಗೆ ಹೊರಳಿಸಬೇಕಿಲ್ಲ. ಅಭ್ಯಾಸವಿಲ್ಲದ ಧಾಟಿ ಹತ್ತು ಪದ ದಾಟುವ ಮುನ್ನವೇ ಕಳಚಿಬೀಳುತ್ತದೆ. ಕನ್ನಡಿಗರು ಗಮನಿಸಬೇಕಾದವು ಬೇರೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ನಾವು ಒಂದು ‘ಉ’ ಅಂಟಿಸುತ್ತೇವೆ: ಬಸ್ಸು, ಬುಕ್ಕು. ಪದದ ಮೊದಲಿನ ‘ಎ’ಗೆ ‘ಯ’ಕಾರ, ‘ಒ’ಗೆ ‘ವ’ಕಾರ ಸೇರಿಸಿ ‘ಯೆವೆರಿ’, ‘ವೊನ್ಲಿ’ ಅನ್ನುತ್ತೇವೆ. ಎಲ್ಲ ಅಕ್ಷರಗಳಿಗೂ ಒಂದೇ ತೂಕ ಕೊಡುವುದೂ ನಮ್ಮ ರೂಢಿ, ಇಂಗ್ಲಿಷಿನಲ್ಲಿ ಒಂದು ಭಾಗ ಏರುತ್ತದೆ, ಉಳಿದವು ತಗ್ಗುತ್ತವೆ. ಪರಿಚಿತ ಪರೀಕ್ಷಕರ ಕಿವಿ ಇವನ್ನೆಲ್ಲ ತಾನಾಗಿ ಸರಿಪಡಿಸಿಕೊಳ್ಳುತ್ತದೆ. ಯಂತ್ರದಿಂದ ಆ ಔದಾರ್ಯ ನಿರೀಕ್ಷಿಸಬಾರದು.

ಇನ್ನು ಮೈಕು. ಬಾಯಿಯ ನೇರಕ್ಕೆ ಹಿಡಿದರೆ ಉಸಿರು ಅದಕ್ಕೆ ಬಡಿದು ‘ಪ’, ‘ಬ’ಗಳೆಲ್ಲ ಸಿಡಿಯುತ್ತವೆ. ತುಟಿಯ ಕೊನೆಯಿಂದ ಎರಡು ಬೆರಳು ದೂರ, ತುಸು ಕೆಳಗಿರಲಿ. ಶುರುವಿನಲ್ಲಿ ಧ್ವನಿ ಪರೀಕ್ಷಿಸಿ ಕೇಳಿಸಿಕೊಳ್ಳುವ ಅವಕಾಶವಿದೆ. ಅಲ್ಲಿ ಪಿಸುಗುಡದೆ, ಪರೀಕ್ಷೆಯಲ್ಲಿ ಮಾತಾಡುವ ಧ್ವನಿಯಲ್ಲೇ ಮಾತಾಡಿ ನೋಡಬೇಕು. ಅಂಕವಿಲ್ಲದ 30 ಸೆಕೆಂಡಿನ ಸ್ವಪರಿಚಯವೂ ಗಂಟಲು ಸರಿಮಾಡಿಕೊಳ್ಳಲು ಒದಗುತ್ತದೆ.

ಕೊಠಡಿಯಲ್ಲಿ ನೀವೊಬ್ಬರೇ ಇರುವುದಿಲ್ಲ. ಅಡ್ಡಪಟ್ಟಿಯ ಆಚೆ ಒಬ್ಬರು ಗದ್ಯ ಓದುತ್ತಿರುತ್ತಾರೆ, ಈಚೆ ಇನ್ನೊಬ್ಬರು ಚಿತ್ರ ವಿವರಿಸುತ್ತಿರುತ್ತಾರೆ. ಸುತ್ತ ಗದ್ದಲವಿದ್ದರೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆಂದು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ಡ್ 1911ರಲ್ಲೇ ಹೇಳಿದ್ದರು. ಪರೀಕ್ಷಾ ಕೊಠಡಿಯಲ್ಲಿ ಒಬ್ಬರ ದನಿಗೆ ಇನ್ನೊಬ್ಬರದು ಏರುತ್ತ ಸಂತೆಯೇ ನೆರೆಯುತ್ತದೆ. ಕೂಗಿದರೆ ಸ್ವರ ಒಡೆಯುತ್ತದೆ, ವೇಗ ಹೆಚ್ಚುತ್ತದೆ. ಮೈಕು ಬಾಯಿಯ ಹತ್ತಿರವೇ ಇರುವುದರಿಂದ ಕೂಗುವ ಅಗತ್ಯವೂ ಇಲ್ಲ.

ಇದನ್ನು ಮನೆಯಲ್ಲೇ ರೂಢಿಸಿಕೊಳ್ಳಬಹುದು. ಟೀವಿ ಹಾಕಿಟ್ಟು, ಅದಕ್ಕೆ ಬೆನ್ನು ಮಾಡಿ ಕೂತು, ಫೋನಿನಲ್ಲಿ 40 ಸೆಕೆಂಡು ರೆಕಾರ್ಡ್ ಮಾಡಬೇಕು. ಕೇಳುವಾಗ ವ್ಯಾಕರಣದ ಕಡೆ ಗಮನ ಬೇಡ, ಮೌನಗಳನ್ನು ಎಣಿಸಬೇಕು. ಅನೇಕ ಫೋನುಗಳ ರೆಕಾರ್ಡರಿನಲ್ಲಿ ಧ್ವನಿ ಗೆರೆಗಳಾಗಿ ಮೂಡುತ್ತದೆ, ಗೆರೆ ಚಪ್ಪಟೆಯಾದ ಕಡೆಯೆಲ್ಲ ನೀವು ತಡೆದಿದ್ದೀರಿ. ಆ ತಡೆ ವಾಕ್ಯ ಮುಗಿದ ಕಡೆ ಬಿದ್ದಿದ್ದರೆ ಚಿಂತೆಯಿಲ್ಲ, ಪದ ಹುಡುಕುತ್ತ ನಡುವೆ ಬಿದ್ದಿದ್ದರೆ ಅದೇ ಚಿತ್ರವನ್ನು ಇನ್ನೂ ಸುಲಭದ ಪದಗಳಲ್ಲಿ ಮತ್ತೊಮ್ಮೆ ಹೇಳಿನೋಡಬೇಕು.