ಅಮೆರಿಕದ ಕೇಳುಗರು, ಅಮೆರಿಕದ ತೆರಿಗೆ: ಒಂದು ಅರ್ಜಿ ಅರ್ಧ ಉಳಿದರೆ ಏನಾಗುತ್ತದೆ?



ನಿಮ್ಮಲ್ಲಿ ಹಲವರು ಈಗ ಕೇಳುಗರು ಮಾತ್ರ ಅಲ್ಲ. ಕೆಲವರು ಅಡುಗೆ ತೋರಿಸುತ್ತೀರಿ, ಕೆಲವರು ಭಾವಗೀತೆ ಹಾಡುತ್ತೀರಿ, ಇನ್ನು ಕೆಲವರು ಮಕ್ಕಳಿಗೆ ಕನ್ನಡ ಕಲಿಸುತ್ತೀರಿ. ಅದನ್ನೆಲ್ಲ ಯೂಟ್ಯೂಬ್‌ಗೆ ಏರಿಸಿ, ತಿಂಗಳಿಗೆ ಒಂದಿಷ್ಟು ಡಾಲರ್ ಪಡೆಯುತ್ತಿದ್ದೀರಿ. ಹಾಗೆ ಹಣ ಬರುತ್ತಿರುವ ಖಾತೆಯಲ್ಲಿ ಒಂದು ದಿನ "United States tax info" ಎಂಬ ಸಾಲು ಕಾಣಿಸುತ್ತದೆ. "ನಾನು ಅಮೆರಿಕಕ್ಕೆ ಕಾಲಿಟ್ಟೇ ಇಲ್ಲ, ಅಲ್ಲಿಯ ತೆರಿಗೆ ನನಗೇಕೆ?" ಎಂದು ಬಹಳ ಮಂದಿ ಅದನ್ನು ಹಾಗೇ ಬಿಡುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಹಾಗೆ ಬಿಟ್ಟದ್ದಕ್ಕೆ ಬೀಳುವ ಕಡಿತ ಅಮೆರಿಕದ ಗಳಿಕೆಗೆ ಮಾತ್ರ ನಿಲ್ಲುವುದಿಲ್ಲ. ಹೇಗೆಂದು ನೋಡೋಣ.

ತೆರಿಗೆ ಯಾವುದರ ಮೇಲೆ?

ಅಮೆರಿಕದಲ್ಲಿ ಕುಳಿತವರು ನಿಮ್ಮ ವಿಡಿಯೋ ನೋಡಿದಾಗ ಬರುವ ಹಣವನ್ನು ಆ ದೇಶದ ಕಾನೂನು ರಾಯಲ್ಟಿ ಎಂದು ಎಣಿಸುತ್ತದೆ. ನೀವು ಎಲ್ಲಿದ್ದೀರಿ ಎನ್ನುವುದು ಇಲ್ಲಿ ಮುಖ್ಯವಲ್ಲ, ನೋಡುವವರು ಎಲ್ಲಿದ್ದಾರೆ ಎನ್ನುವುದೇ ಮುಖ್ಯ. ಶಿಕಾಗೋದಲ್ಲಿರುವ ಅಕ್ಕನ ಮನೆಯವರು ನೋಡಿದ್ದು ಲೆಕ್ಕಕ್ಕೆ ಬರುತ್ತದೆ. ದುಬೈಯಲ್ಲಿರುವ ತಮ್ಮ ನೋಡಿದ್ದು ಬರುವುದಿಲ್ಲ. ಜಾಹೀರಾತಿನ ಹಣ, ಪ್ರೀಮಿಯಂ ಚಂದಾದಾರರಿಂದ ಬಂದ ಪಾಲು, ಸೂಪರ್ ಚಾಟ್, ಚಾನೆಲ್ ಸದಸ್ಯತ್ವ, ಇವೆಲ್ಲವೂ ಇದರಲ್ಲಿ ಸೇರುತ್ತವೆ. ಗೂಗಲ್ ಈ ವಿಷಯವನ್ನು 2021ರ ಮಾರ್ಚ್‌ನಲ್ಲಿ ಪ್ರಕಟಿಸಿ, ಅದೇ ವರ್ಷದ ಜೂನ್‌ನಿಂದ ತೆರಿಗೆ ಹಿಡಿಯಲು ಶುರುಮಾಡಿತು.

ಎಷ್ಟು ಹಿಡಿಯಬೇಕು ಎಂದು ತಿಳಿಯಲು ಗೂಗಲ್‌ಗೆ ನೀವು ಯಾರು, ಯಾವ ದೇಶದ ನಿವಾಸಿ ಎಂಬ ಮಾಹಿತಿ ಬೇಕು. ಭಾರತದಲ್ಲಿರುವ ವ್ಯಕ್ತಿಗಳು ಅದನ್ನು W-8BEN ಎಂಬ ಅರ್ಜಿಯಲ್ಲಿ ಕೊಡಬೇಕು. ಖಾತೆ ಕಂಪನಿಯ ಹೆಸರಿನಲ್ಲಿದ್ದರೆ ಅರ್ಜಿ W-8BEN-E. ಅಮೆರಿಕದಲ್ಲಿ ಹುಟ್ಟಿ ಅಲ್ಲಿಯ ಪೌರತ್ವ ಪಡೆದವರಿಗೆ ಇವೆರಡೂ ಅಲ್ಲ, ಅವರದ್ದು W-9. ಊರಿಗೆ ಮರಳಿ ಬಂದ ಕುಟುಂಬಗಳ ಮಕ್ಕಳು ತಮ್ಮ ಹೆಸರಿನಲ್ಲೇ ಚಾನೆಲ್ ನಡೆಸುತ್ತಿದ್ದರೆ ಇದನ್ನು ನೆನಪಿಡಬೇಕು.

ಮೂರು ಲೆಕ್ಕಗಳು

ಪುಣೆಯ ಒಬ್ಬ ಗೃಹಿಣಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡುವುದನ್ನು ಕನ್ನಡದಲ್ಲಿ ತೋರಿಸುತ್ತಾರೆ ಎಂದುಕೊಳ್ಳೋಣ. ಒಂದು ತಿಂಗಳಿಗೆ ಅವರ ಗಳಿಕೆ 400 ಡಾಲರ್. ಅದರಲ್ಲಿ ಅಮೆರಿಕದ ನೋಡುಗರಿಂದ ಬಂದದ್ದು 120 ಡಾಲರ್, ಉಳಿದ 280 ಭಾರತ ಮತ್ತು ಬೇರೆ ದೇಶಗಳಿಂದ.

ಮೊದಲನೆಯದು, ಅವರು ಅರ್ಜಿ ಪೂರ್ತಿ ತುಂಬಿ, ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ ಲಾಭವನ್ನೂ ಕೇಳಿದ್ದಾರೆ. ಆ ಒಪ್ಪಂದದ 12ನೆಯ ವಿಧಿಯಂತೆ ದರ ಶೇಕಡಾ 15. ಅದೂ 120 ಡಾಲರ್ ಮೇಲೆ ಮಾತ್ರ. ಕಡಿತ 18 ಡಾಲರ್.

ಎರಡನೆಯದು, ಅರ್ಜಿ ಕೊಟ್ಟಿದ್ದಾರೆ, ಆದರೆ ಒಪ್ಪಂದದ ಭಾಗವನ್ನು ತುಂಬದೆ ಮುಂದೆ ಹೋಗಿದ್ದಾರೆ. ಆಗ ದರ ಶೇಕಡಾ 30, ಅದೇ 120 ಡಾಲರ್ ಮೇಲೆ. ಕಡಿತ 36 ಡಾಲರ್.

ಮೂರನೆಯದು, ಅರ್ಜಿಯನ್ನೇ ಕೊಟ್ಟಿಲ್ಲ, ಅಥವಾ ಕೊಟ್ಟದ್ದು ಒಪ್ಪಿಗೆಯಾಗಿಲ್ಲ. ಖಾತೆ ವ್ಯಕ್ತಿಯ ಹೆಸರಿನಲ್ಲಿದ್ದರೆ ಆಗ ಶೇಕಡಾ 24ರವರೆಗೆ ಹಿಡಿಯಬಹುದು, ಅದೂ ಇಡೀ ಪ್ರಪಂಚದಿಂದ ಬಂದ ಗಳಿಕೆಯ ಮೇಲೆ. 400 ಡಾಲರ್‌ಗೆ 96 ಡಾಲರ್. ಅಂದರೆ ಹುಬ್ಬಳ್ಳಿಯವರು, ಕಲಬುರಗಿಯವರು ನೋಡಿದ ಹಣಕ್ಕೂ ಅಮೆರಿಕದ ಕಡಿತ ಬೀಳುತ್ತದೆ. ನೀವು ಯಾರು ಎಂದು ತಿಳಿಸದೆ ಇರುವುದರಿಂದ, ನಿಮ್ಮನ್ನು ಅಮೆರಿಕದವರೇ ಇರಬಹುದು ಎಂದು ಭಾವಿಸಿ ಹೀಗೆ ಮಾಡುತ್ತಾರೆ.

ಇನ್ನೊಂದು ಮಾತು. ಅಮೆರಿಕದಲ್ಲಿ ನಿಮಗೆ ಒಬ್ಬ ನೋಡುಗರೂ ಇಲ್ಲ ಎನ್ನಿ. ಅರ್ಜಿ ಸರಿಯಾಗಿದ್ದರೆ ಕಡಿತ ಸೊನ್ನೆ. ಅರ್ಜಿ ಇಲ್ಲದಿದ್ದರೆ ಆಗಲೂ 96 ಡಾಲರ್ ಹೋಗಬಹುದು. "ನಮಗೆ ಅಲ್ಲಿ ನೋಡುಗರಿಲ್ಲ, ಅರ್ಜಿ ಬೇಡ" ಎನ್ನುವುದು ಆದ್ದರಿಂದ ದುಬಾರಿಯ ತೀರ್ಮಾನ.

ಅರ್ಜಿ ತುಂಬುವಾಗ ಎಡವುವ ಜಾಗಗಳು

ಆಡ್‌ಸೆನ್ಸ್ ಖಾತೆಗೆ ಹೋಗಿ Payments, ಅಲ್ಲಿಂದ Payments info, ನಂತರ Manage settings ಒತ್ತಿ. ಅಲ್ಲಿ United States tax info ಎಂಬಲ್ಲಿ Manage tax info ಸಿಗುತ್ತದೆ. ಸುಮಾರು ಕಾಲು ಗಂಟೆಯ ಕೆಲಸ. ಪ್ಯಾನ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತುಕೊಳ್ಳಿ.

ಎಡವುವ ಮೊದಲ ಜಾಗ ಹೆಸರು. ಇಲ್ಲಿ ಚಾನೆಲ್‌ನ ಹೆಸರು ಬೇಡ, ಮನೆಯಲ್ಲಿ ಕರೆಯುವ ಹೆಸರೂ ಬೇಡ. ಖಾತೆ ಯಾರದ್ದೋ ಅವರ ಪೂರ್ತಿ ಹೆಸರು, ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ಬರೆಯಬೇಕು. ಕೊನೆಯಲ್ಲಿ ಸಹಿಯಾಗಿ ಟೈಪ್ ಮಾಡುವ ಹೆಸರೂ ಅದೇ ಆಗಿರಬೇಕು. ನಮ್ಮವರಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ಸಾಮಾನ್ಯ. ಅಷ್ಟು ವ್ಯತ್ಯಾಸಕ್ಕೂ ಅರ್ಜಿ ಪರಿಶೀಲನೆಯಲ್ಲಿ ನಿಂತು, ಗುರುತಿನ ದಾಖಲೆ ಕಳಿಸಿ ಎಂಬ ಸೂಚನೆ ಬರಬಹುದು.

ಎರಡನೆಯದು, ವಿದೇಶಿ ತೆರಿಗೆ ಸಂಖ್ಯೆ, ಅಂದರೆ Foreign TIN. ನಮಗೆ ಅದು ಪ್ಯಾನ್ ಸಂಖ್ಯೆ, ಆಧಾರ್ ಅಲ್ಲ. ಅಮ್ಮನ ಚಾನೆಲ್ಲಿಗೆ ಮಗ ಕೂತು ಅರ್ಜಿ ತುಂಬುವ ಮನೆಗಳು ಬಹಳ. ಆಡ್‌ಸೆನ್ಸ್ ಖಾತೆ ಅಮ್ಮನ ಹೆಸರಿನಲ್ಲಿದ್ದರೆ ಪ್ಯಾನ್ ಕೂಡ ಅಮ್ಮನದ್ದೇ ಇರಬೇಕು.

ಮೂರನೆಯದು ವಿಳಾಸ. ನೀವು ನಿಜವಾಗಿ ವಾಸಿಸುವ ಮನೆಯ ವಿಳಾಸ ಕೊಡಿ, ಅಂಚೆ ಪೆಟ್ಟಿಗೆಯ ಸಂಖ್ಯೆ ಆಗದು.

ನಾಲ್ಕನೆಯದೇ ಹೆಚ್ಚು ದುಡ್ಡು ಕಳೆಯುವ ಜಾಗ. ತೆರಿಗೆ ಒಪ್ಪಂದದ ಲಾಭ ಬೇಕೇ ಎಂದು ಕೇಳಿದಾಗ Yes ಎಂದು ಒತ್ತಿ ದೇಶ India ಆರಿಸಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಕೆಳಗೆ Services, Motion picture and TV royalties, Other copyright royalties ಎಂದು ಮೂರು ಬಗೆಯ ಗಳಿಕೆ ಇರುತ್ತವೆ. ಪ್ರತಿಯೊಂದಕ್ಕೂ ಒಪ್ಪಂದದ ವಿಧಿ ಮತ್ತು ದರ ಆರಿಸಿ, ಷರತ್ತಿಗೆ ಒಪ್ಪಿದ್ದೇನೆ ಎಂಬ ಚೌಕದಲ್ಲಿ ಗುರುತು ಹಾಕಬೇಕು. ಯೂಟ್ಯೂಬ್ ಹಣಕ್ಕೆ ಸಂಬಂಧಿಸಿದ್ದು ಕೊನೆಯ ಎರಡು. ಮೊದಲನೆಯದನ್ನು ಮಾತ್ರ ತುಂಬಿ ಮುಂದೆ ಹೋದವರಿಗೆ ನಾವು ಮೇಲೆ ಹೇಳಿದ ಎರಡನೆಯ ಲೆಕ್ಕವೇ ಅನ್ವಯಿಸುತ್ತದೆ.

ಅರ್ಜಿ ಒಪ್ಪಿಗೆಯಾಯಿತೇ ಎಂದು ತಿಳಿಯಲು ಅದೇ ಪುಟಕ್ಕೆ ಮತ್ತೆ ಹೋಗಿ ನೋಡಿ. "In review" ಎಂದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ. "Approved" ಎಂದಿದ್ದರೂ ಅಲ್ಲಿಗೇ ಬಿಡದೆ ಕೆಳಗಿನ ದರಗಳನ್ನು ಓದಿ. ಆ ಎರಡು ರಾಯಲ್ಟಿ ಸಾಲುಗಳ ಮುಂದೆ ಶೇಕಡಾ 15 ಎಂದಿರಬೇಕು. 30 ಎಂದಿದ್ದರೆ ಅರ್ಜಿಯನ್ನು ಹೊಸದಾಗಿ ತುಂಬಿ. ತಿಂಗಳ ಕಡಿತ ಯೂಟ್ಯೂಬ್‌ನ ಅನಾಲಿಟಿಕ್ಸ್‌ನಲ್ಲಿ ಕಾಣುವುದಿಲ್ಲ, ಆಡ್‌ಸೆನ್ಸ್‌ನ ವಹಿವಾಟು ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಅನಾಲಿಟಿಕ್ಸ್‌ನಲ್ಲಿ ದೇಶವಾರು ಗಳಿಕೆ ತೆಗೆದು ಅಮೆರಿಕದ ಮೊತ್ತ ನೋಡಿ. ಕಡಿತ ಅದರ ಶೇಕಡಾ 15ಕ್ಕಿಂತ ಬಹಳ ಹೆಚ್ಚಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯಿರಿ.

ಹಣವೇ ಬರದೆ ನಿಂತಿದ್ದರೆ ಕಾರಣ ಬೇರೆಯೂ ಇರಬಹುದು. ಅಂಚೆಯಲ್ಲಿ ಬರುವ ಪಿನ್ ಸಂಖ್ಯೆಯಿಂದ ವಿಳಾಸ ದೃಢಪಡಿಸುವುದು ತೆರಿಗೆ ಅರ್ಜಿಗಿಂತ ಬೇರೆ ಕೆಲಸ. ಒಂದನ್ನು ಮಾಡಿದರೆ ಇನ್ನೊಂದು ಮುಗಿದಂತಲ್ಲ.

ಅವಧಿ ಮುಗಿಯುವ ಅರ್ಜಿ

W-8BEN ಒಮ್ಮೆ ತುಂಬಿದರೆ ಜೀವನಪೂರ್ತಿಗೆ ಅಲ್ಲ. ಸಹಿ ಮಾಡಿದ ವರ್ಷದ ನಂತರದ ಮೂರನೆಯ ವರ್ಷದ ಡಿಸೆಂಬರ್ 31ಕ್ಕೆ ಅದರ ಅವಧಿ ತೀರುತ್ತದೆ. 2022ರಲ್ಲಿ ಸಹಿ ಮಾಡಿದ್ದು 2025ರ ಕೊನೆಯವರೆಗೆ, 2023ರಲ್ಲಿ ಸಹಿ ಮಾಡಿದ್ದು 2026ರ ಕೊನೆಯವರೆಗೆ. ನಾಲ್ಕು ವರ್ಷ ಸರಿಯಾಗಿ ಬಂದ ಹಣ ಜನವರಿಯಾದ ಮೇಲೆ ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೊದಲು ಈ ತಾರೀಖು ನೋಡಿ.

ಹೋದ ಹಣ ಮರಳಿ ಬರುತ್ತದೆಯೇ?

ಪುಣೆಯ ಗೃಹಿಣಿಯ ಅರ್ಜಿಯ ಅವಧಿ ತೀರಿ, ಜನವರಿಯಿಂದ ಮಾರ್ಚ್‌ವರೆಗಿನ ಮೂರು ಪಾವತಿಗಳಲ್ಲಿ 96ರಂತೆ 288 ಡಾಲರ್ ಹೋಯಿತು ಎನ್ನೋಣ. ಹೋಗಬೇಕಾಗಿದ್ದದ್ದು 54. ಏಪ್ರಿಲ್‌ನಲ್ಲಿ ಹೊಸ ಅರ್ಜಿ ಒಪ್ಪಿಗೆಯಾದರೆ, ಹೆಚ್ಚಾಗಿ ಹಿಡಿದ 234 ಡಾಲರನ್ನು ಗೂಗಲ್ ತಾನೇ ಮುಂದಿನ ಪಾವತಿಯ ಸುತ್ತಿನಲ್ಲಿ ಹಿಂದಿರುಗಿಸುತ್ತದೆ. ಆದರೆ ಇದು ಅದೇ ವರ್ಷದ ಡಿಸೆಂಬರ್ ಮುಗಿಯುವವರೆಗೆ ಮಾತ್ರ. ವರ್ಷ ದಾಟಿದರೆ ಹಣ ಅಮೆರಿಕದ ತೆರಿಗೆ ಇಲಾಖೆಯ ಕೈಯಲ್ಲಿರುತ್ತದೆ. ಆಗ 1040-NR ಎಂಬ ಲೆಕ್ಕಪತ್ರ ಸಲ್ಲಿಸಿ ಕೇಳಬೇಕು, ಅದಕ್ಕೆ ಅಲ್ಲಿಯದೇ ತೆರಿಗೆದಾರರ ಸಂಖ್ಯೆ ಬೇಕು. ಇನ್ನೂರು ಮುನ್ನೂರು ಡಾಲರಿಗೆ ಆ ಓಡಾಟ ಹೆಚ್ಚಿನವರಿಗೆ ಗಿಟ್ಟುವುದಿಲ್ಲ.

"ಭಾರತದ ತೆರಿಗೆಯಲ್ಲಿ ವಜಾ ಮಾಡಿಸಿಕೊಳ್ಳುತ್ತೇನೆ" ಎನ್ನುವವರೂ ಇದ್ದಾರೆ. ಅದು ಅರ್ಧ ಮಾತ್ರ ನಿಜ. ಇಲ್ಲಿಯ ರಿಟರ್ನ್‌ನಲ್ಲಿ ಕಡಿತಕ್ಕೆ ಮುಂಚಿನ ಪೂರ್ತಿ ಗಳಿಕೆ ತೋರಿಸಿ, ಅಮೆರಿಕದಲ್ಲಿ ಹಿಡಿದ ತೆರಿಗೆಗೆ ರಿಯಾಯಿತಿ ಕೇಳಬಹುದು. ಅದಕ್ಕೆ ಗೂಗಲ್ ಕೊಡುವ 1042-S ಎಂಬ ಪ್ರಮಾಣಪತ್ರ ಆಧಾರ. 1961ರ ಕಾಯಿದೆಯಡಿ, ಅಂದರೆ 2026ರ ಮಾರ್ಚ್ 31ರವರೆಗಿನ ಗಳಿಕೆಗೆ, ಇದರ ಅರ್ಜಿ Form 67. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯಿದೆ ಬಂದಿರುವುದರಿಂದ, ನಂತರದ ಗಳಿಕೆಗೆ ಯಾವ ಅರ್ಜಿ ಎಂದು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.

ಇಲ್ಲಿ ಎರಡು ಮಿತಿಗಳಿವೆ. Form 67 ಇರುವ 128ನೆಯ ನಿಯಮದಂತೆ, ಒಪ್ಪಂದದ ದರಕ್ಕಿಂತ ಹೆಚ್ಚಾಗಿ ಹಿಡಿದದ್ದಕ್ಕೆ ರಿಯಾಯಿತಿ ಇಲ್ಲ. ನಮ್ಮ ಉದಾಹರಣೆಯಲ್ಲಿ 96 ಡಾಲರ್ ಹೋಗಿದ್ದರೂ ಲೆಕ್ಕಕ್ಕೆ ಸಿಗುವುದು 18 ಮಾತ್ರ. ಇನ್ನು, ಆ ಆದಾಯದ ಮೇಲೆ ಭಾರತದಲ್ಲಿ ತೆರಿಗೆಯೇ ಬರದಿದ್ದರೆ ಕಳೆಯಲು ಏನೂ ಇರುವುದಿಲ್ಲ, 18 ಕೂಡ ಸಿಗದು. ಗಳಿಕೆ ಸಣ್ಣದಿರುವವರಿಗೆ ಇದೇ ಆಗುವುದು.

ಆದ್ದರಿಂದ ಮಿತ್ರರೇ, ತಪ್ಪು ಸರಿಪಡಿಸಲು ಸುಲಭವಾದ ಜಾಗ ಒಂದೇ, ಅದು ಆಡ್‌ಸೆನ್ಸ್‌ನ ಆ ತೆರಿಗೆ ಪುಟ. ಅದಕ್ಕೆ ಗಡುವು ಡಿಸೆಂಬರ್. ಪರಿಶೀಲನೆಗೆ ದಿನಗಳು ಹಿಡಿಯುವುದರಿಂದ ಕೊನೆಯ ವಾರದವರೆಗೆ ಕಾಯಬೇಡಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಲೆಕ್ಕದ ಪುಸ್ತಕ ತೆಗೆಯುವ ದಿನ ಆ ಪುಟವನ್ನೂ ಒಮ್ಮೆ ತೆರೆದು, Approved ಎಂಬ ಮಾತು, ಶೇಕಡಾ 15 ಎಂಬ ಅಂಕಿ, ಅವಧಿಯ ತಾರೀಖು, ಈ ಮೂರನ್ನು ನೋಡಿಕೊಂಡರೆ ಸಾಕು.