ಕಾಲು ಉಳುಕಿದಾಗ ಜಿಮ್‌ಗೆ ಬರೆಯುವ ಪತ್ರ

ಮೈಸೂರಿನಲ್ಲಿರುವ ನನ್ನ ತಂಗಿ 2024ರ ಏಪ್ರಿಲ್ 1ರಂದು ವರ್ಷಕ್ಕೆ 18,000 ರೂಪಾಯಿ ಕಟ್ಟಿ ಜಿಮ್ ಸೇರಿದಳು. ಆಗಸ್ಟ್ 12ರ ಸಂಜೆ ಮನೆಯ ಮೆಟ್ಟಿಲಿಳಿಯುವಾಗ ಕಾಲು ಮಗುಚಿ ಬಿದ್ದಳು. ಪಾದದ ಗಂಟು ಊದಿಕೊಂಡು ರಾತ್ರಿಯ ಹೊತ್ತಿಗೆ ನೀಲಿಯಾಯಿತು. ಮೂಳೆ ಮುರಿದಿಲ್ಲ, ಲಿಗಮೆಂಟ್ ಅರ್ಧ ಹರಿದಿದೆ, ಸೆಪ್ಟೆಂಬರ್ 22ರವರೆಗೆ ವ್ಯಾಯಾಮ ಬೇಡ ಎಂದರು ಡಾಕ್ಟರು.

ಮರುದಿನ ಅವಳು ಟ್ರೇನರ್‌ಗೆ ಹೇಳಿದಳು. ‘ಆಯ್ತು ಮೇಡಂ, ರೆಸ್ಟ್ ತಗೊಳ್ಳಿ’ ಎಂದರು ಅವರು. ಅಷ್ಟಕ್ಕೇ ಕೆಲಸ ಮುಗಿಯಿತೆಂದು ಅವಳು ಸುಮ್ಮನಾದಳು. ಬಹಳ ಜನ ಎಡವುವುದು ಇಲ್ಲೇ. ಸದಸ್ಯತ್ವವನ್ನು ತಡೆಹಿಡಿಯುವ ಅಧಿಕಾರ, ಅಂದರೆ ಜಿಮ್‌ನವರ ಮಾತಿನಲ್ಲಿ ‘ಫ್ರೀಜ್’ ಮಾಡುವ ಅಧಿಕಾರ, ಟ್ರೇನರ್‌ಗೆ ಇರುವುದಿಲ್ಲ. ಅದು ಮ್ಯಾನೇಜರ್ ಅಥವಾ ಫ್ರಂಟ್ ಆಫೀಸಿನ ಕೆಲಸ. ಕಂಪ್ಯೂಟರಿನಲ್ಲಿ ಯಾರಾದರೂ ತಾರೀಖು ಬದಲಿಸುವವರೆಗೆ ದಿನಗಳು ಕಳೆಯುತ್ತಲೇ ಇರುತ್ತವೆ.

ಆಗಸ್ಟ್ 30ರಂದು ಅವಳು ಮ್ಯಾನೇಜರ್‌ಗೆ ಇಮೇಲ್ ಕಳಿಸಿ, ಜೊತೆಗೆ ಡಾಕ್ಟರ ಚೀಟಿಯ ಫೋಟೋ ಇಟ್ಟಳು. ಚೀಟಿಯಲ್ಲಿ ಇದ್ದದ್ದು ಎರಡು ಮಾತ್ರೆಗಳ ಹೆಸರು, ಕ್ರೇಪ್ ಬ್ಯಾಂಡೇಜ್ ಮತ್ತು ‘ರೆಸ್ಟ್’ ಎಂಬ ಒಂದೇ ಪದ. ‘ಎಷ್ಟು ದಿನ ಅಂತ ಇದರಲ್ಲಿ ಇಲ್ಲವಲ್ಲ ಮೇಡಂ’ ಎಂದು ಉತ್ತರ ಬಂತು. ಆ ಪ್ರಶ್ನೆಯಲ್ಲಿ ನನಗೆ ತಪ್ಪು ಕಾಣಲಿಲ್ಲ. ಡಾಕ್ಟರು ಚೀಟಿ ಬರೆಯುವುದು ಔಷಧಿ ಅಂಗಡಿಯವರಿಗೆ, ಜಿಮ್‌ನವರಿಗಲ್ಲ. ಜಿಮ್‌ಗೆ ಬೇಕಾದ ಪತ್ರವನ್ನು ನಾವೇ ಕೇಳಿ ಬರೆಸಿಕೊಳ್ಳಬೇಕು.

ಅವಳು ಮತ್ತೆ ಡಾಕ್ಟರ ಹತ್ತಿರ ಹೋಗಿ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿಕೊಂಡಳು: ಪರೀಕ್ಷಿಸಿದ ದಿನ ಆಗಸ್ಟ್ 12, ಬಲಗಾಲಿನ ಗಂಟಿನ ಲಿಗಮೆಂಟಿಗೆ ಪೆಟ್ಟು, ಆಗಸ್ಟ್ 12ರಿಂದ ಸೆಪ್ಟೆಂಬರ್ 22ರವರೆಗೆ ವ್ಯಾಯಾಮ ಮಾಡಬಾರದು, ಆಮೇಲೆ ಮರುಪರೀಕ್ಷೆ. ಕೆಳಗೆ ಸಹಿ, ಸೀಲು, ನೋಂದಣಿ ಸಂಖ್ಯೆ. ಇಷ್ಟಿದ್ದರೆ ಸಾಕು. ಸ್ಕ್ಯಾನ್ ರಿಪೋರ್ಟು, ಬೇರೆ ಕಾಯಿಲೆಗಳ ವಿವರ ಇವನ್ನೆಲ್ಲ ಜಿಮ್‌ಗೆ ಒಪ್ಪಿಸುವ ಅಗತ್ಯವಿಲ್ಲ.

ಅವಳ ಎರಡನೆಯ ಇಮೇಲ್ ಹೀಗಿತ್ತು:

‘ಮಾನ್ಯರೇ, ಕಾಲಿಗೆ ಪೆಟ್ಟಾಗಿರುವುದರಿಂದ ಸೆಪ್ಟೆಂಬರ್ 22ರವರೆಗೆ ವ್ಯಾಯಾಮ ಮಾಡಬಾರದೆಂದು ವೈದ್ಯರು ಹೇಳಿದ್ದಾರೆ. ಅವರ ಪತ್ರ ಲಗತ್ತಿಸಿದ್ದೇನೆ. ನಾನು ಆಗಸ್ಟ್ 13ರಂದೇ ನಿಮ್ಮ ಟ್ರೇನರ್‌ಗೆ ತಿಳಿಸಿದ್ದೆ. ಆ ದಿನದಿಂದ ನನ್ನ ಸದಸ್ಯತ್ವವನ್ನು ತಡೆಹಿಡಿದು, ಹೊಸ ಮುಕ್ತಾಯದ ದಿನಾಂಕವನ್ನು ಇಮೇಲ್ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.’

ಕೊನೆಯ ವಾಕ್ಯವೇ ಇಲ್ಲಿ ಮುಖ್ಯ. ‘ಫ್ರೀಜ್ ಆಗಿದೆ’ ಎಂಬ ಬಾಯಿಮಾತಿಗಿಂತ ಹೊಸ ತಾರೀಖು ಬರಹದಲ್ಲಿ ಬಂದರೆ ಆಮೇಲೆ ತಕರಾರಿಗೆ ಎಡೆಯಿರುವುದಿಲ್ಲ.

ಆದರೂ ಮ್ಯಾನೇಜರ್ ಮೊದಲ ಇಮೇಲ್ ಬಂದ ಆಗಸ್ಟ್ 30ರಿಂದಷ್ಟೇ ಲೆಕ್ಕ ಹಾಕುತ್ತೇವೆ ಎಂದರು. ಹಾಗಾದರೆ ಸಿಗುವುದು 24 ದಿನ. ಆಗಸ್ಟ್ 13ರಿಂದ ಎಣಿಸಿದರೆ 41 ದಿನ. ನಡುವಿನ 17 ದಿನಕ್ಕೆ, ಅವಳು ಕಟ್ಟಿದ ಹಣದ ಲೆಕ್ಕದಲ್ಲಿ, ಸುಮಾರು 840 ರೂಪಾಯಿ. ಬಾಯಲ್ಲಿ ಹೇಳಿದ್ದಕ್ಕೆ ಏನು ಸಾಕ್ಷಿ ಎಂದು ಅವಳು ವಾಟ್ಸಾಪ್ ಹುಡುಕಿದಳು. ಪುಣ್ಯಕ್ಕೆ ಆಗಸ್ಟ್ 13ರ ಬೆಳಗ್ಗೆ ಊದಿದ ಕಾಲಿನ ಫೋಟೋ ಸಮೇತ ಟ್ರೇನರ್‌ಗೆ ಕಳಿಸಿದ್ದ ಸಂದೇಶ ಅಲ್ಲೇ ಇತ್ತು.

ಹಣ ಕಟ್ಟುವಾಗಲೇ ರಸೀದಿಯ ಹಿಂಬದಿಯ ಷರತ್ತುಗಳನ್ನು ಓದಿಕೊಳ್ಳಬೇಕು. ವರ್ಷಕ್ಕೆ ಎಷ್ಟು ಸಲ, ಎಷ್ಟು ದಿನ ಫ್ರೀಜ್ ಮಾಡಬಹುದು ಎಂಬುದು ಒಂದೊಂದು ಕಡೆ ಒಂದೊಂದು ಥರ. ಒಂದೇ ಸಲ ಎಂದಿದ್ದರೆ, ಎರಡು ವಾರಕ್ಕೆ ಅರ್ಜಿ ಹಾಕಿ ಆಮೇಲೆ ಮತ್ತೆ ಬೇಡುವುದಕ್ಕಿಂತ ಡಾಕ್ಟರ ಹತ್ತಿರ ಪೂರ್ತಿ ಅವಧಿ ಕೇಳಿಕೊಂಡು ಬರೆಯುವುದು ಲೇಸು. ಪರ್ಸನಲ್ ಟ್ರೇನಿಂಗ್‌ಗೆ ಬೇರೆ ದುಡ್ಡು ಕಟ್ಟಿದ್ದರೆ ಅದರ ಹೆಸರನ್ನೂ ಅರ್ಜಿಯಲ್ಲಿ ಬರೆಯಬೇಕು, ಇಲ್ಲದಿದ್ದರೆ ಅದರ ಗಡುವು ತನ್ನ ಪಾಡಿಗೆ ಮುಗಿದುಹೋಗಬಹುದು. ಇಎಂಐ ಮೇಲೆ ಸೇರಿದವರು ಇನ್ನೊಂದು ವಿಷಯ ಗಮನಿಸಬೇಕು: ಆ ಸಾಲ ಬ್ಯಾಂಕಿನದು, ಜಿಮ್‌ನದಲ್ಲ. ಸದಸ್ಯತ್ವ ನಿಂತರೂ ಕಂತು ನಿಲ್ಲುವುದಿಲ್ಲ. ನಿಲ್ಲುತ್ತದೆಂದು ನಂಬಿ ಖಾತೆ ಖಾಲಿ ಬಿಟ್ಟರೆ ದಂಡ ಬೀಳುತ್ತದೆ.

ಷರತ್ತಿನಲ್ಲಿ ಫ್ರೀಜ್ ಇದ್ದೂ ಕೊಡದಿದ್ದರೆ ಅದು ಸೇವಾ ಲೋಪ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

ತಂಗಿಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ವಾಟ್ಸಾಪ್ ಸಂದೇಶ ನೋಡಿದ ಮ್ಯಾನೇಜರ್ ಆಗಸ್ಟ್ 13ನ್ನೇ ಒಪ್ಪಿಕೊಂಡರು. ಮಾರ್ಚ್ 31ಕ್ಕೆ ಮುಗಿಯಬೇಕಿದ್ದ ಸದಸ್ಯತ್ವ ಮೇ 11ರವರೆಗೆ ಇದೆ ಎಂದು ಇಮೇಲ್ ಬಂತು. ಸೆಪ್ಟೆಂಬರ್ 23ರಂದು ಮತ್ತೊಮ್ಮೆ ತೋರಿಸಿದಾಗ ಡಾಕ್ಟರು, ಇನ್ನೆರಡು ವಾರ ಜಿಗಿತ, ಓಟ ಬೇಡ, ಕೂತು ಮಾಡುವ ವ್ಯಾಯಾಮ ಆಗಬಹುದು ಎಂದು ಬರೆದುಕೊಟ್ಟರು. ಈ ಸಲ ಆ ಚೀಟಿಯನ್ನು ಅವಳು ಟ್ರೇನರ್ ಮತ್ತು ಮ್ಯಾನೇಜರ್ ಇಬ್ಬರಿಗೂ ಕಳಿಸಿದಳು.