ಒಳಗಿನ ಸಾಲು ಎಷ್ಟು ಸಲ ಓಡುತ್ತದೆ?

ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಹುಡುಗಿಯರು ಒಬ್ಬರಿಗೊಬ್ಬರು ಕಳಿಸುವ ಪ್ರಶ್ನೆಗಳಲ್ಲಿ ಒಂದು ಬಗೆಯದು ಪದೇ ಪದೇ ಬರುತ್ತದೆ. ಕೋಡಿನ ಒಂದು ಸ್ಕ್ರೀನ್‌ಶಾಟ್, ಅದರ ಕೆಳಗೆ ‘ಇದರ ಟೈಮ್ ಕಾಂಪ್ಲೆಕ್ಸಿಟಿ ಎಷ್ಟು? ಇನ್ನೂ ಬೇಗ ಮಾಡೋಕಾಗುತ್ತಾ?’ ಎಂಬ ಸಾಲು. ಚಿತ್ರದಲ್ಲಿ ಒಂದರೊಳಗೊಂದು ಎರಡು ಲೂಪ್ ಕಂಡ ಕೂಡಲೇ ‘n ಸ್ಕ್ವೇರ್’ ಎಂದು ಉತ್ತರಿಸಿ ಮುಗಿಸುವವರೇ ಹೆಚ್ಚು. ಹೆಚ್ಚಿನ ಸಲ ಆ ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಅದನ್ನು ಮುಟ್ಟುವ ದಾರಿ ಸರಿಯಿಲ್ಲದಿದ್ದರೆ ಮುಂದಿನ ಚಿತ್ರದಲ್ಲಿ ಕಾಲು ಜಾರುತ್ತದೆ. ಎಣಿಸಬೇಕಾದದ್ದು `for` ಎಂಬ ಪದಗಳನ್ನಲ್ಲ. ಎಲ್ಲಕ್ಕಿಂತ ಒಳಗಿರುವ ಸಾಲು ಎಷ್ಟು ಸಲ ಓಡುತ್ತದೆ, ಪ್ರತಿ ಸಲ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು.

ಒಂದು ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ದಿನದ ಕೊನೆಗೆ ಖಾತೆಯಲ್ಲಿ 605 ರೂಪಾಯಿ ವ್ಯತ್ಯಾಸ ಬಂದಿದೆ. ಯಾವುದೋ ಎರಡು ಪಾವತಿಗಳು ಲೆಕ್ಕದಿಂದ ಬಿಟ್ಟುಹೋಗಿರಬೇಕು ಎಂಬ ಅನುಮಾನ. ಪಾವತಿಗಳ ಪಟ್ಟಿಯಲ್ಲಿ ಕೂಡಿದರೆ 605 ಆಗುವ ಎರಡು ಮೊತ್ತಗಳನ್ನು ಹುಡುಕಬೇಕು. ಪೈಥಾನ್‌ನಲ್ಲಿ ಮೊದಲು ಹೊಳೆಯುವ ದಾರಿ ಇದು:

```python
def jodi(a, t):
    n = len(a)
    for i in range(n):
        for j in range(i + 1, n):
            if a[i] + a[j] == t:
                return (i, j)
    return None
```

ಪ್ರತಿ ಮೊತ್ತವನ್ನೂ ಅದರ ನಂತರದ ಎಲ್ಲ ಮೊತ್ತಗಳ ಜೊತೆ ಕೂಡಿ ನೋಡುವುದಷ್ಟೇ ಇದರ ಕೆಲಸ. ಪಟ್ಟಿ 120, 450, 75, 330, 275, 180 ಎಂದಿರಲಿ. 120ಕ್ಕೆ ಐದು ಹೋಲಿಕೆ, 450ಕ್ಕೆ ನಾಲ್ಕು, 75ಕ್ಕೆ ಮೂರು. ಆಮೇಲೆ 330ರ ಸರದಿ. ಮೊದಲ ಹೋಲಿಕೆಯಲ್ಲೇ 275 ಸಿಕ್ಕಿ ಮೊತ್ತ 605 ಆಗುತ್ತದೆ. ಒಟ್ಟು 13 ಹೋಲಿಕೆ.

ಇಲ್ಲಿ ಜೋಡಿ ಸಿಕ್ಕಿದ ಕೂಡಲೇ ಕೆಲಸ ನಿಂತಿತು. ಅದೃಷ್ಟ ಚೆನ್ನಾಗಿದ್ದರೆ ಮೊದಲ ಹೋಲಿಕೆಯಲ್ಲೇ ನಿಲ್ಲಬಹುದು. ಆದರೆ ಕಾಂಪ್ಲೆಕ್ಸಿಟಿ ಕೇಳುವವರು ಸಾಮಾನ್ಯವಾಗಿ ಕೇಳುವುದು ಅತಿ ಕೆಟ್ಟ ಸ್ಥಿತಿಯನ್ನು, ಅಂದರೆ ಪಟ್ಟಿಯಲ್ಲಿ ಅಂಥ ಜೋಡಿಯೇ ಇಲ್ಲದ ಸಂದರ್ಭವನ್ನು. ಆಗ ಒಳಗಿನ `if` ಸಾಲು ಮೊದಲ ಸುತ್ತಿನಲ್ಲಿ n−1 ಸಲ, ಎರಡನೆಯದರಲ್ಲಿ n−2 ಸಲ, ಹೀಗೆ ಇಳಿಯುತ್ತಾ ಕೊನೆಗೆ ಸೊನ್ನೆಗೆ ಬರುತ್ತದೆ. ಇವೆಲ್ಲ ಕೂಡಿದರೆ n(n−1)/2.

‘ಅರ್ಧ ಮಾತ್ರ ಓಡುತ್ತದಲ್ಲ, ಹಾಗಾದರೆ n² ಎನ್ನುವುದು ಹೇಗೆ?’ ಎಂದು ಒಳ್ಳೆಯ ವಿದ್ಯಾರ್ಥಿಗಳೇ ಇಲ್ಲಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. O(n²) ಎಂಬ ಬರಹ ಸೆಕೆಂಡುಗಳನ್ನು ಹೇಳುವುದಿಲ್ಲ, ಪಟ್ಟಿ ಬೆಳೆದಂತೆ ಕೆಲಸ ಯಾವ ಗತಿಯಲ್ಲಿ ಬೆಳೆಯುತ್ತದೆ ಎಂಬುದನ್ನು ಹೇಳುತ್ತದೆ. ಜರ್ಮನಿಯ ಗಣಿತಜ್ಞ ಪಾಲ್ ಬಾಖ್‌ಮನ್ 1894ರಲ್ಲಿ ಸಂಖ್ಯಾ ಸಿದ್ಧಾಂತದ ಪುಸ್ತಕವೊಂದರಲ್ಲಿ ಬಳಸಿದ ಈ ಗುರುತನ್ನು ಕಂಪ್ಯೂಟರ್ ವಿಜ್ಞಾನದಲ್ಲಿ ಹೇಗೆ ಬಳಸಬೇಕೆಂದು ಡೊನಾಲ್ಡ್ ಕನೂತ್ 1976ರ ಲೇಖನದಲ್ಲಿ ಖಚಿತಪಡಿಸಿದರು. ಪಟ್ಟಿ ಎರಡು ಪಟ್ಟಾದರೆ n(n−1)/2 ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಪೂರ್ತಿ n² ಕೂಡ ನಾಲ್ಕು ಪಟ್ಟೇ ಆಗುತ್ತದೆ. ಎರಡರಿಂದ ಭಾಗಿಸಿದ್ದರಿಂದ ಸಮಯ ಅರ್ಧ ಉಳಿಯಿತು ನಿಜ, ಗತಿ ಮಾತ್ರ ಬದಲಾಗಲಿಲ್ಲ.

ಅಂಕಿಯಲ್ಲಿ ನೋಡಿದರೆ ಇದರ ಬಿಸಿ ತಟ್ಟುತ್ತದೆ. ಸೆಕೆಂಡಿಗೆ ಒಂದು ಕೋಟಿ ಹೋಲಿಕೆ ಆಗುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಸಾವಿರ ಪಾವತಿಗಳಿದ್ದರೆ 4,99,500 ಹೋಲಿಕೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಹತ್ತು ಸಾವಿರವಿದ್ದರೆ ಸುಮಾರು 5 ಕೋಟಿ ಹೋಲಿಕೆ, 5 ಸೆಕೆಂಡು. ಒಂದು ಲಕ್ಷವಿದ್ದರೆ ಸುಮಾರು 500 ಕೋಟಿ, ಅಂದರೆ ಎಂಟು ನಿಮಿಷಕ್ಕೂ ಮೀರುತ್ತದೆ. ಸಣ್ಣ ಪಟ್ಟಿ ಕೊಟ್ಟು ಪರೀಕ್ಷಿಸಿ ‘ಚೆನ್ನಾಗಿ ಓಡ್ತಿದೆ’ ಎಂದು ಬಿಟ್ಟ ಕೋಡು ತಿಂಗಳುಗಳ ನಂತರ ಮುಗ್ಗರಿಸುವುದು ಹೀಗೆಯೇ.

ಇನ್ನು ಸ್ಕ್ರೀನ್‌ಶಾಟಿನ ವಿಷಯ. ಚಿತ್ರವನ್ನು ಓಡಿಸಿ ನೋಡಲು ಬರುವುದಿಲ್ಲ, ಕಣ್ಣಿನಿಂದಲೇ ಓದಬೇಕು. ಪೈಥಾನ್‌ನಲ್ಲಿ ಯಾವ ಸಾಲು ಯಾವುದರ ಒಳಗಿದೆ ಎಂಬುದನ್ನು ತೀರ್ಮಾನಿಸುವುದು ಎಡಬದಿಯ ಖಾಲಿ ಜಾಗ ಮಾತ್ರ. ಮೇಲಿನ ಕೋಡಿನ ಕೊನೆಯ ಸಾಲು `return None` ನಾಲ್ಕು ಅಕ್ಷರದಷ್ಟು ಬಲಕ್ಕೆ ಸರಿದು ಎರಡನೆಯ `for` ನೇರಕ್ಕೆ ಬಂದಿದೆ ಎಂದುಕೊಳ್ಳಿ. ಆಗ ಅದು ಹೊರಗಿನ ಲೂಪಿನ ಒಳಗೆ ಸೇರಿಬಿಡುತ್ತದೆ. 120ನ್ನು ಉಳಿದ ಐದರ ಜೊತೆ ಕೂಡಿ ನೋಡಿ, ಸಿಗಲಿಲ್ಲವೆಂದು ಅಲ್ಲಿಗೇ ‘ಜೋಡಿ ಇಲ್ಲ’ ಎಂದು ಹೊರಬರುತ್ತದೆ. ನೋಡಲು ಎರಡು ಲೂಪೇ, ಓಡುವುದು ಮಾತ್ರ n−1 ಹೋಲಿಕೆ. ಕೋಡು ಬಹಳ ಬೇಗ ಮುಗಿಯುತ್ತದೆ, ಉತ್ತರ ತಪ್ಪಾಗಿರುತ್ತದೆ. ಆದ್ದರಿಂದ ಯಾರಾದರೂ ಚಿತ್ರ ಕಳಿಸಿದಾಗ `for` ಮತ್ತು `return`ಗಳ ಎಡ ಅಂಚನ್ನು ಒಂದು ಕಾಗದದ ಅಂಚಿಟ್ಟಾದರೂ ಹೊಂದಿಸಿ ನೋಡಬೇಕು. ಮೊಬೈಲಿನ ಪರದೆಯಲ್ಲಿ ಉದ್ದದ ಸಾಲು ಮಡಚಿಕೊಂಡು ಹೊಸ ಸಾಲಿನಂತೆ ಕಾಣುವುದೂ ಉಂಟು.

`range` ಒಳಗೆ ಬರೆದಿರುವುದನ್ನೂ ಬಿಡದೆ ಓದಬೇಕು. ಒಳಗಿನ ಲೂಪ್ `range(10)` ಆಗಿದ್ದರೆ ಪಟ್ಟಿ ಎಷ್ಟೇ ಬೆಳೆದರೂ ಅದು ಹತ್ತೇ ಸಲ ಓಡುವುದರಿಂದ ಒಟ್ಟು ಕೆಲಸ n ಗತಿಯಲ್ಲಷ್ಟೇ ಬೆಳೆಯುತ್ತದೆ. `j` ಒಂದೊಂದಾಗಿ ಏರುವ ಬದಲು 1ರಿಂದ ಹೊರಟು ಪ್ರತಿ ಸಲ ಎರಡು ಪಟ್ಟಾಗುತ್ತಿದ್ದರೆ, ಲಕ್ಷ ಮುಟ್ಟಲು ಹದಿನೇಳು ಸಲ ಸಾಕು; ಆಗ ಅದು n log n. ಮೂರು ಚಿತ್ರಗಳಲ್ಲೂ ಎರಡೇ ಲೂಪು, ಮೂರಕ್ಕೂ ಬೇರೆ ಬೇರೆ ಉತ್ತರ.

ಈಗ ಬೇಗ ಮಾಡುವ ದಾರಿ. 330 ಕೈಗೆ ಬಂದಾಗ ನಮಗೆ ಬೇಕಿರುವುದು ಯಾವುದೋ ಒಂದು ಸಂಖ್ಯೆಯಲ್ಲ, 605 − 330, ಅಂದರೆ 275 ಮಾತ್ರ. ಬೇಕಾದದ್ದು ಏನೆಂದು ಖಚಿತವಾಗಿ ಗೊತ್ತಿರುವಾಗ ಇಡೀ ಪಟ್ಟಿಯನ್ನು ತಡಕುವ ಅಗತ್ಯವೇನು? ‘ಇದನ್ನು ಈಗಾಗಲೇ ನೋಡಿದ್ದೇವೆಯೇ’ ಎಂದು ಒಂದೇ ಸಲ ಕೇಳಿದರೆ ಸಾಕು.

```python
def jodi(a, t):
    seen = {}
    for j, x in enumerate(a):
        if t - x in seen:
            return (seen[t - x], j)
        seen[x] = j
    return None
```

`seen` ಎಂಬುದು ಪೈಥಾನ್‌ನ ಡಿಕ್ಷನರಿ. ನೋಡಿದ ಮೊತ್ತವನ್ನೂ ಅದು ಪಟ್ಟಿಯಲ್ಲಿ ಎಷ್ಟನೆಯದು ಎಂಬುದನ್ನೂ ಅದು ಇಟ್ಟುಕೊಳ್ಳುತ್ತದೆ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಬೀದಿವಾರು ಖಾನೆಗಳಿಗೆ ಹಾಕುವ ಹಾಗೆ, ಸಂಖ್ಯೆಯಿಂದಲೇ ಅದರ ಖಾನೆ ಯಾವುದೆಂದು ಲೆಕ್ಕಹಾಕಿ ನೇರ ಅಲ್ಲಿಗೇ ಕೈ ಹಾಕುತ್ತದೆ. ಖಾನೆಗಳು ಹತ್ತಿರಲಿ ಲಕ್ಷವಿರಲಿ, ಒಂದು ಹುಡುಕಾಟಕ್ಕೆ ಸರಾಸರಿ ಒಂದೇ ಅಳತೆಯ ಕೆಲಸ.

ಅದೇ ಪಟ್ಟಿಯಲ್ಲಿ ನಡೆಸಿ ನೋಡೋಣ. 120 ಬಂತು, 485 ಬೇಕು, ಇಲ್ಲ, 120ನ್ನು ಬರೆದಿಟ್ಟುಕೊಂಡೆವು. 450ಕ್ಕೆ 155 ಬೇಕು, ಇಲ್ಲ. 75ಕ್ಕೆ 530, ಇಲ್ಲ. 330ಕ್ಕೆ 275 ಬೇಕು, ಅದಿನ್ನೂ ಬಂದಿಲ್ಲ. ಮುಂದಿನದೇ 275, ಅದಕ್ಕೆ 330 ಬೇಕು, ಈಗಷ್ಟೇ ಬರೆದಿಟ್ಟಿದ್ದೇವೆ. ಐದು ಹುಡುಕಾಟದಲ್ಲಿ ಕೆಲಸ ಮುಗಿಯಿತು. ಒಂದು ಲಕ್ಷ ಪಾವತಿಗಳಿದ್ದು ಜೋಡಿಯೇ ಇಲ್ಲದಿದ್ದರೂ ಒಂದು ಲಕ್ಷ ಹುಡುಕಾಟ, ಅಷ್ಟೇ ಸಲ ಬರೆದಿಡುವುದು. 500 ಕೋಟಿಯ ಕೆಲಸ ಸೆಕೆಂಡಿನ ಸಣ್ಣ ಭಾಗಕ್ಕೆ ಇಳಿಯಿತು. ಇದು O(n).

ಇಲ್ಲಿ ಎರಡು ಸಾಲುಗಳ ಕ್ರಮ ಮುಖ್ಯ. ಮೊದಲು ಹುಡುಕಬೇಕು, ಆಮೇಲೆ ಬರೆದಿಡಬೇಕು. ಅದಲುಬದಲು ಮಾಡಿದರೆ, ಬೇಕಾದ ಮೊತ್ತ 600 ಇದ್ದು ಪಟ್ಟಿಯಲ್ಲಿ 300 ಒಂದೇ ಸಲ ಇದ್ದಾಗ, 300 ತನಗೆ ತಾನೇ ಜೋಡಿಯಾಗಿ ಸಿಕ್ಕಿಬಿಡುತ್ತದೆ. ಮೇಲಿನ ಆರು ಸಂಖ್ಯೆಗಳಿಂದ ಎಷ್ಟು ಸಲ ಪರೀಕ್ಷಿಸಿದರೂ ಈ ತಪ್ಪು ಹೊರಬರುವುದಿಲ್ಲ, ಏಕೆಂದರೆ ಅಲ್ಲಿ 605ರ ಅರ್ಧವೇ ಇಲ್ಲ.

ಇದಕ್ಕಿಂತ ದೊಡ್ಡ ಮೋಸ ಅಡಗಿರುವುದು `seen = {}` ಎಂಬ ಪುಟ್ಟ ಸಾಲಿನಲ್ಲಿ. ಅದರ ಜಾಗದಲ್ಲಿ `seen = []` ಎಂದು ಬರೆದು, ಪ್ರತಿ ಮೊತ್ತವನ್ನೂ `append` ಮಾಡುತ್ತಾ ಹೋದರೆ ಅದು ಡಿಕ್ಷನರಿಯಲ್ಲ, ಬರೀ ಲಿಸ್ಟು. ಆಗಲೂ `if t - x in seen` ಎಂಬ ಸಾಲು ಅಕ್ಷರ ಬದಲಾಗದೆ ಹಾಗೇ ನಡೆಯುತ್ತದೆ, `return` ಸಾಲಿನಲ್ಲಿ `seen[t - x]` ಬದಲು `seen.index(t - x)` ಎಂದು ಬರೆದರೆ ಉತ್ತರವೂ ಸರಿ ಬರುತ್ತದೆ. ಆದರೆ ಲಿಸ್ಟಿನಲ್ಲಿ `in` ಎಂದರೆ ಮೊದಲಿನಿಂದ ಒಂದೊಂದನ್ನೇ ಹೋಲಿಸುತ್ತಾ ಹೋಗುವುದು. ಸೊನ್ನೆ, ಒಂದು, ಎರಡು, ಹೀಗೆ n−1ರವರೆಗೆ. ಕೂಡಿದರೆ ಮತ್ತೆ ಅದೇ n(n−1)/2. ಕಣ್ಣಿಗೆ ಕಾಣುವುದು ಒಂದೇ `for`, ಎರಡನೆಯ ಲೂಪು `in` ಎಂಬ ಎರಡಕ್ಷರದ ಒಳಗಿದೆ. ಸ್ಕ್ರೀನ್‌ಶಾಟ್ ಕತ್ತರಿಸುವಾಗ ಮೇಲಿನ ಸಾಲೊಂದು ಹೊರಗುಳಿದಿದ್ದರೆ ಇದು O(n) ಹೌದೋ ಅಲ್ಲವೋ ಎಂದು ಯಾರೂ ಹೇಳಲಾರರು. ಆಗ ಪ್ರಾಮಾಣಿಕ ಉತ್ತರ ಒಂದೇ: `seen` ಹುಟ್ಟಿದ ಸಾಲನ್ನು ತೋರಿಸಿ ಎಂದು ಕೇಳುವುದು.

ಊಹೆ ಸರಿಯೇ ಎಂದು ತಿಳಿಯಲು ಕೋಡನ್ನು ಟೈಪ್ ಮಾಡಿ ಓಡಿಸಬಹುದು. ಮೊತ್ತಗಳೆಲ್ಲ ಸೊನ್ನೆಗಿಂತ ಹೆಚ್ಚಿರುವ ಪಟ್ಟಿ ಕೊಟ್ಟು, ಬೇಕಾದ ಮೊತ್ತವನ್ನು −1 ಎನ್ನಿ. ಜೋಡಿ ಸಿಗಲು ಸಾಧ್ಯವೇ ಇಲ್ಲದ್ದರಿಂದ ಕೋಡು ಕೊನೆಯವರೆಗೂ ಓಡಲೇಬೇಕು. ಹತ್ತು ಸಾವಿರ ಸಂಖ್ಯೆಗೆ ಹಿಡಿದ ಸಮಯವನ್ನು ಇಪ್ಪತ್ತು ಸಾವಿರಕ್ಕೆ ಹಿಡಿದ ಸಮಯದ ಜೊತೆ ಹೋಲಿಸಿ. ನಾಲ್ಕು ಪಟ್ಟಿನ ಹತ್ತಿರ ಬಂದರೆ n², ಎರಡು ಪಟ್ಟಿನ ಹತ್ತಿರ ಬಂದರೆ n. ಇದಕ್ಕೆ ಬೇರೆ ಬೇರೆ ಸಂಖ್ಯೆಗಳಿರುವ ಪಟ್ಟಿಯೇ ಬೇಕು. ಒಂದೇ ಸಂಖ್ಯೆ ತುಂಬಿದ ಪಟ್ಟಿ ಕೊಟ್ಟರೆ ಡಿಕ್ಷನರಿಯಲ್ಲಿ ಒಂದೇ ನಮೂದು ಉಳಿಯುವುದರಿಂದ ಅದರ ನಿಜವಾದ ಹೊರೆ ಅಳತೆಗೆ ಸಿಗುವುದಿಲ್ಲ.

ಡಿಕ್ಷನರಿಯ ವೇಗ ಪುಕ್ಕಟೆಯಲ್ಲ. ಲಕ್ಷ ನಮೂದುಗಳ ಡಿಕ್ಷನರಿ ಕೆಲವು ಎಂಬಿಯಷ್ಟು ಮೆಮೊರಿ ತಿನ್ನುತ್ತದೆ. ‘ಸರಾಸರಿ’ ಎಂಬ ಮಾತನ್ನೂ ಮರೆಯಬಾರದು: ಎಲ್ಲ ಸಂಖ್ಯೆಗಳೂ ಒಂದೇ ಖಾನೆಗೆ ಬೀಳುವಂತೆ ಬೇಕೆಂದೇ ಜೋಡಿಸಿದರೆ ಅದು ನಿಧಾನವಾಗುತ್ತದೆ, ಪ್ರೋಗ್ರಾಮಿಂಗ್ ಸ್ಪರ್ಧೆಗಳಲ್ಲಿ ಹಾಗೆ ಮಾಡುವವರಿದ್ದಾರೆ. ಮೆಮೊರಿ ಬಿಗಿಯಾಗಿದ್ದಲ್ಲಿ ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ಎರಡು ತುದಿಗಳಿಂದ ಒಳಗೆ ಬರುವುದು ನನಗೆ ಇಷ್ಟವಾದ ದಾರಿ. ತುದಿಗಳ ಮೊತ್ತ ಕಡಿಮೆಯಾದರೆ ಎಡ ತುದಿಯನ್ನು ಮುಂದಕ್ಕೆ, ಹೆಚ್ಚಾದರೆ ಬಲ ತುದಿಯನ್ನು ಹಿಂದಕ್ಕೆ ಸರಿಸುವುದು. ಜೋಡಿಸುವುದಕ್ಕೆ n log n, ಸರಿಯುವುದಕ್ಕೆ n. ಜೋಡಿಸಿದ ಮೇಲೆ ಯಾವ ಪಾವತಿ ಮೂಲದಲ್ಲಿ ಎಷ್ಟನೆಯದಾಗಿತ್ತು ಎಂಬ ಗುರುತು ಮಾತ್ರ ಕಳೆದುಹೋಗುತ್ತದೆ. ಅಂಗಡಿಯವರಿಗೆ ಆ ಗುರುತು ಬೇಕಿದ್ದರೆ ಈ ದಾರಿ ಹಾಗೇ ಸಲ್ಲದು.

ಪ್ರಶ್ನೆಯೇ ಬೇರೆಯಾದರೆ ಉತ್ತರವೂ ಬೇರೆ. ಒಂದು ಜೋಡಿ ಸಾಲದು, ಎಲ್ಲ ಜೋಡಿಗಳನ್ನೂ ಬರೆದುಕೊಡಿ ಎಂದರೆ? ಪಟ್ಟಿಯ ತುಂಬ 300 ಇದ್ದು ಬೇಕಾದ ಮೊತ್ತ 600 ಆಗಿದ್ದಾಗ ಪ್ರತಿ ಜೋಡಿಯೂ ಉತ್ತರವೇ, n(n−1)/2 ಜೋಡಿಗಳನ್ನು ಬರೆಯುವುದಕ್ಕೇ ಅಷ್ಟು ಹೆಜ್ಜೆ ಬೇಕು. ಅಲ್ಲಿ ಎರಡು ಲೂಪಿನ ಕೋಡನ್ನು ದೂರಿ ಫಲವಿಲ್ಲ. ಆದರೆ ಅವು ಎಷ್ಟಿವೆ ಎಂಬ ಎಣಿಕೆ ಮಾತ್ರ ಸಾಕಾದರೆ, ಡಿಕ್ಷನರಿಯಲ್ಲಿ ಸ್ಥಾನದ ಬದಲು ಪ್ರತಿ ಮೊತ್ತ ಎಷ್ಟು ಸಲ ಬಂತೆಂದು ಬರೆದಿಟ್ಟುಕೊಂಡು ಒಂದೇ ಸುತ್ತಿನಲ್ಲಿ ಹೇಳಿಬಿಡಬಹುದು.